ಸಹಾಯ ಬೇಕು: ರಾಜಕಾಲುವೆ ಮೇಲಿನ ಬಾಕ್ಸ್ ಮೋರಿಗೆ ಒಂದು ಕಿಂಡಿಯೋ, ಎರಡೋ?

ನಮಸ್ಕಾರ. ಯಲಹಂಕ ಕಡೆ ಒಂದು ಬಾಕ್ಸ್ ಕಲ್ವರ್ಟ್‌ಗೆ ಡಿಸೈನ್ ನೋಟ್ ಬರೀತಿದ್ದೀನಿ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ನೀರು ಬರೋ ಪ್ರದೇಶ 60 ಹೆಕ್ಟೇರ್. ಹಳೇ ನೋಟ್‌ನಲ್ಲಿ ಹರಿವಿನ ಗುಣಾಂಕ 0.5 ಇತ್ತು, ಆಗ ಅದು ರಾಗಿ ಹೊಲ. ಈಗ ಪೂರ್ತಿ ಕಾಂಕ್ರೀಟ್, ಹಾಗಾಗಿ 0.8 ಹಿಡಿದೆ. ಮಳೆ ಗಂಟೆಗೆ 75 ಮಿ.ಮೀ. ಇಟ್ಟುಕೊಂಡರೆ:

```
Q = C·I·A/360 = 0.8 × 75 × 60/360 = 10 m³/s
```

ಮೊದಲು 3 ಮೀ. ಅಗಲ, 2 ಮೀ. ಎತ್ತರದ ಒಂದೇ ಕಿಂಡಿ ಅಂದುಕೊಂಡೆ. ಮೇಲೆ ಅರ್ಧ ಮೀಟರ್ ಖಾಲಿ ಬಿಟ್ಟರೆ ನೀರಿನ ಆಳ 1.5 ಮೀ., ವೇಗ ಸೆಕೆಂಡಿಗೆ 2.2 ಮೀ. ಲೇಸಿ ಸೂತ್ರದಲ್ಲಿ, ಸಿಲ್ಟ್ ಫ್ಯಾಕ್ಟರ್ 1 ಹಿಡಿದರೆ, ಕೊರೆತ ನೀರಿನ ಮಟ್ಟದಿಂದ ಸುಮಾರು 3 ಮೀ. ಕೆಳಕ್ಕೆ, ಅಂದರೆ ತಳದಿಂದ 1.5 ಮೀ. ಹೋಗುತ್ತೆ. ಅದೂ ಸರಾಸರಿ ಮಾತ್ರ. ಕೆಳಹರಿವಿನ ಕಡೆ ಕರ್ಟನ್ ವಾಲ್ 2.5 ಮೀ. ಇಳಿಸಿ, ಅದರಾಚೆ ಕಲ್ಲಿನ ಏಪ್ರನ್ ಹಾಸೋ ಯೋಚನೆ.

2 ಮೀ.ನ ಎರಡು ಕಿಂಡಿ ಕೊಟ್ಟರೆ ವೇಗ 1.67ಕ್ಕೆ ಇಳಿಯುತ್ತೆ, ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪಕ್ಕದ ಹಳೇ ಮೋರಿಯ ನಡುಗೋಡೆಗೆ ಒಂದು ಹಾಸಿಗೆ, ಎಳನೀರು ಬುರುಡೆ ರಾಶಿ ಅಂಟಿಕೊಂಡಿದ್ದನ್ನ ನಾನೇ ನೋಡಿದ್ದೀನಿ. ಹೀಗೆ ಕಸದಿಂದ ಒಂದು ಕಿಂಡಿ ಕಟ್ಟಿಕೊಂಡರೆ ಇಡೀ 10 ಕ್ಯುಮೆಕ್ಸ್ ಇನ್ನೊಂದರಿಂದ ನುಗ್ಗಬೇಕು, ಇಲ್ಲ ರಸ್ತೆ ಮೇಲೆ ಹತ್ತಬೇಕು.

ನಡುಗೋಡೆ ಇಲ್ಲದ 4 ಮೀ. ಒಂದೇ ಕಿಂಡಿಗೆ ಸ್ಲ್ಯಾಬ್ ದಪ್ಪ ಆಗುತ್ತೆ, ರಸ್ತೆ ಎತ್ತರಿಸೋಕೆ ಜಾಗ ಇಲ್ಲ. ಕಸ ಕಟ್ಟೋದಕ್ಕೆ ನೀವು ನೋಟ್‌ನಲ್ಲಿ ಎಷ್ಟು ಪಾಲು ಕಿಂಡಿ ಕಳೀತೀರಾ? ಮಾಡಿದವರು ಹೇಳಿ ಸರ್, ಮೇಡಂ.