ಪರ್ಚೇಸ್ ರಿಜಿಸ್ಟರ್‌ಗೂ 2ಬಿಗೂ 8,100 ರೂಪಾಯಿ ವ್ಯತ್ಯಾಸ, ಎಲ್ಲಿ ಹುಡುಕಲಿ?

ಅಂಗಡಿಲೆಕ್ಕ: ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತೇನೆ. 2025ರ ಮೇ ತಿಂಗಳ ಜಿಎಸ್‌ಟಿ ರಿಟರ್ನ್ 3ಬಿಯಲ್ಲಿ ನಮ್ಮ ರಿಜಿಸ್ಟರ್ ನೋಡಿ 1,92,600 ಕ್ರೆಡಿಟ್ ತೆಗೆದುಕೊಂಡೆ. ಮಾರಿದವರು ಹಾಕಿದ ಬಿಲ್ ನೋಡಿ ಪೋರ್ಟಲ್ ಕೊಡುವ 2ಬಿಯಲ್ಲಿ ಇರುವುದು 1,84,500. ಬಿಲ್ ನಂಬರ್ ಇಟ್ಟು VLOOKUP ಹಾಕಿದರೆ 11 ಬಿಲ್ ಸಿಗುತ್ತಿಲ್ಲ. ಅವುಗಳ ತೆರಿಗೆ ಕೂಡಿಸಿದರೆ 8,100ಕ್ಕಿಂತ ಎಷ್ಟೋ ಜಾಸ್ತಿ ಬರುತ್ತಿದೆ.

ನೇರಮಾತು: ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? 2022ರ ಜನವರಿಯಿಂದ 2ಬಿಯಲ್ಲಿ ಇಲ್ಲದ ಕ್ರೆಡಿಟ್ ತೆಗೆದುಕೊಳ್ಳುವ ಹಾಗೇ ಇಲ್ಲ. 14ನೇ ತಾರೀಕು 2ಬಿ ಬರುತ್ತದೆ, ಅದನ್ನೇ 3ಬಿಗೆ ಹಾಕಿ ಸುಮ್ನೆ ಇರಿ.

ತುಂಗಾತೀರ: ಇಲ್ಲದ್ದನ್ನು ತೆಗೆದುಕೊಳ್ಳಬಾರದು, ಅದು ಸರಿ. ಆದರೆ ಅಲ್ಲಿ ಇರುವುದೆಲ್ಲ ನಿಮ್ಮದೇ ಅಂತ ಹೇಗೆ ಹೇಳುತ್ತೀರಿ ಸರ್? ಯಾರೋ ಜಿಎಸ್‌ಟಿ ನಂಬರ್ ತಪ್ಪಾಗಿ ಹಾಕಿದರೆ ಬೇರೆಯವರ ಬಿಲ್ ನಿಮ್ಮ 2ಬಿಯಲ್ಲಿ ಕೂರುತ್ತದೆ. ಸರಕು ಇನ್ನೂ ಅಂಗಡಿಗೆ ಬಂದಿರದ ಬಿಲ್ ಕೂಡ ಅಲ್ಲಿರಬಹುದು. ಒಂದೊಂದು ಬಿಲ್ಲನ್ನೂ ಹೊಂದಿಸಿ ನೋಡದೆ ಬೇರೆ ದಾರಿ ಇಲ್ಲ.

ಅಂಗಡಿಲೆಕ್ಕ ಅವರೇ, ಬಿಲ್ ನಂಬರ್ ಒಂದನ್ನೇ ಇಟ್ಟು ಹುಡುಕಬೇಡಿ. ನೀವು `GST/0457/25-26` ಅಂತ ಬರೆದಿರುತ್ತೀರಿ, ಮಾರಿದವರು `GST-0457-25-26` ಅಂತ ಹಾಕಿರುತ್ತಾರೆ. ಎರಡೂ ಶೀಟಿನಲ್ಲಿ ಹೊಸ ಕಾಲಂ ಮಾಡಿ. A ಯಲ್ಲಿ ಮಾರಿದವರ ಜಿಎಸ್‌ಟಿ ನಂಬರ್, B ಯಲ್ಲಿ ಬಿಲ್ ನಂಬರ್ ಇದ್ದರೆ ಹೀಗೆ:

```
=A2&"|"&SUBSTITUTE(SUBSTITUTE(SUBSTITUTE(UPPER(B2),"/",""),"-","")," ","")
```

ಹೊಂದಿದ ಮೇಲೆ ತೆರಿಗೆ ಮೊತ್ತವನ್ನೂ ನೋಡಿ, ಒಂದು ರೂಪಾಯಿಯ ಒಳಗಿನ ವ್ಯತ್ಯಾಸ ಬಿಟ್ಟುಬಿಡಿ. ಗೆರೆ ತೆಗೆದರೆ `1/11` ಮತ್ತು `11/1` ಎರಡೂ 111 ಆಗುತ್ತವಲ್ವಾ, ಅದಕ್ಕೇ ಮೊತ್ತ ನೋಡಲೇಬೇಕು.

ಮಲೆನಾಡಿಗ: ನಾನು ಕಾಗದದ ಬಿಲ್ ಫೋಟೊ ತೆಗೆದು ಅಕ್ಷರಕ್ಕೆ ಇಳಿಸುತ್ತೇನೆ. 8 ಇದ್ದದ್ದು B ಆಗುತ್ತದೆ, 0 ಇದ್ದದ್ದು O ಆಗುತ್ತದೆ. ನಿಮ್ಮದೂ ಅದೇ ತೊಂದರೆ ಇರಬೇಕು.

ಅಂಗಡಿಲೆಕ್ಕ: ಇಲ್ಲಣ್ಣ, ನಮ್ಮದು ಕೈಯಿಂದಲೇ ಎಂಟ್ರಿ.

ತುಂಗಾತೀರ: ಮಲೆನಾಡಿಗ ಅವರೇ, ಮೊತ್ತ ತಪ್ಪಿದ್ದರೆ ಹಿಡಿಯಬಹುದು. 18% ಬಿಲ್‌ನಲ್ಲಿ ಸರಕಿನ ಬೆಲೆ 30,000 ಇದ್ದರೆ ಕೇಂದ್ರದ್ದು 2,700, ರಾಜ್ಯದ್ದು 2,700 ಇರಲೇಬೇಕು. ಬಿಲ್ ನಂಬರ್‌ಗೆ ಅಂಥ ತಾಳೆ ಇಲ್ಲ, ಕಣ್ಣಿಂದಲೇ ನೋಡಬೇಕು.

ಅಂಗಡಿಲೆಕ್ಕ: ಮೇಡಂ, 8 ಬಿಲ್ ತಕ್ಷಣ ಹೊಂದಿದವು. ಮೂರು ಉಳಿದಿವೆ. ಒಂದರಲ್ಲಿ ನಂಬರ್ ಜಾಗದಲ್ಲಿ 45996 ಅಂತ ಬರುತ್ತಿದೆ, ಅಂಥ ಬಿಲ್ಲೇ ನಮ್ಮಲ್ಲಿಲ್ಲ!

ತುಂಗಾತೀರ: ಆ ಬಿಲ್ ನಂಬರ್ `5/12` ಇರಬೇಕು, ನೋಡಿ. ಎಕ್ಸೆಲ್ ಅದನ್ನು 2025ರ ಡಿಸೆಂಬರ್ 5 ಅಂತ ತಿಳಿದುಕೊಂಡಿದೆ, 45996 ಅನ್ನುವುದು ಆ ದಿನಕ್ಕೆ ಅದು ಒಳಗೆ ಇಟ್ಟುಕೊಳ್ಳುವ ಸಂಖ್ಯೆ. ಎಂಟ್ರಿ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಬೇಕಿತ್ತು. ಈಗ ಫಾರ್ಮ್ಯಾಟ್ ಬದಲಿಸಿದರೆ ವಾಪಸ್ ಬರುವುದಿಲ್ಲ, ಬಿಲ್ ನೋಡಿ ಮತ್ತೆ ಬರೆಯಿರಿ. ತಾರೀಕಿನ ಕಾಲಂ ಕೂಡ ನೋಡಿ: ಕೆಲವು ಎಡಕ್ಕೆ, ಕೆಲವು ಬಲಕ್ಕೆ ಒತ್ತಿಕೊಂಡಿದ್ದರೆ ದಿನ, ತಿಂಗಳು ಅದಲು ಬದಲಾಗಿರುತ್ತವೆ.

ಉಳಿದ ಎರಡನ್ನು ನಂಬರ್ ಬಿಟ್ಟು, ಜಿಎಸ್‌ಟಿ ನಂಬರ್ ಮತ್ತು ತೆರಿಗೆ ಮೊತ್ತ ಇಟ್ಟು ಹುಡುಕಿ.

ಅಂಗಡಿಲೆಕ್ಕ: `5/12` ಹೌದು, ಸರಿಯಾಯಿತು. ಇನ್ನೊಂದು ಸಿಕ್ಕಿತು: 2,700 ತೆರಿಗೆಯ ಬಿಲ್ ಎರಡು ಸಲ ಎಂಟ್ರಿ ಆಗಿದೆ! ಲಾರಿಯವರು ತಂದ ಪ್ರತಿ ನೋಡಿ ಹುಡುಗ ಬರೀ `457` ಅಂತ ಬರೆದಿದ್ದಾನೆ, ಆಮೇಲೆ ಪೂರ್ತಿ ನಂಬರ್ ಹಾಕಿ ನಾನು ಬರೆದಿದ್ದೇನೆ. ಕೊನೆಯದು 5,400, ಮೇ 28ರ ಬಿಲ್. ಮಾರಿದವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ಎರಡೂ ಸೇರಿ 8,100 ಸರಿಹೋಯಿತು.

ನೇರಮಾತು: ಅವರು ಜೂನ್ 13ರೊಳಗೆ ಆ ಬಿಲ್ ಹಾಕಿದ್ದರೆ ಮೇ 2ಬಿಗೇ ಬರುತ್ತಿತ್ತು. ಈಗ ಜುಲೈ 14ರವರೆಗೆ ಕಾಯಿರಿ. ಅಷ್ಟರಲ್ಲಿ 18% ಬಡ್ಡಿ ಓಡುತ್ತಿರುತ್ತದೆ.

ತುಂಗಾತೀರ: ತಪ್ಪಾಗಿ ತೆಗೆದುಕೊಂಡ ಕ್ರೆಡಿಟ್ ಖರ್ಚಾಗಿದ್ದರೆ ಮಾತ್ರ ಬಡ್ಡಿ. ಲೆಡ್ಜರ್‌ನಲ್ಲಿ ಬಾಕಿ ಎಂದೂ 8,100ಕ್ಕಿಂತ ಕೆಳಗೆ ಇಳಿದಿಲ್ಲ ಅಂದರೆ ಬಡ್ಡಿ ಇಲ್ಲ.

ಅಂಗಡಿಲೆಕ್ಕ: ಜೂನ್ 20ಕ್ಕೆ ಎಲ್ಲವೂ ಖಾಲಿಯಾಯಿತು ಮೇಡಂ.

ತುಂಗಾತೀರ: ಹಾಗಾದರೆ ಜುಲೈ 20ಕ್ಕೆ ವಾಪಸ್ ಮಾಡಿದರೆ 30 ದಿನಕ್ಕೆ ಸುಮಾರು 120 ರೂಪಾಯಿ ಆಗುತ್ತದೆ. ಮೊದಲೇ ಕಟ್ಟಿದರೆ ಇನ್ನೂ ಕಡಿಮೆ. 5,400 ಅನ್ನು 3ಬಿಯ 4(ಬಿ)(2)ರಲ್ಲಿ ವಾಪಸ್ ತೋರಿಸಿ, 2ಬಿಯಲ್ಲಿ ಬಂದ ಮೇಲೆ ಮತ್ತೆ ತೆಗೆದುಕೊಳ್ಳಿ. 2,700 ಮಾತ್ರ ಶಾಶ್ವತವಾಗಿ ಹೋಯಿತು.

ಮಲೆನಾಡಿಗ: ಆ 2,700 ಮತ್ತೆ ಬರುವುದೇ ಇಲ್ಲವಲ್ಲ, ಅದನ್ನು 4(ಬಿ)(1)ರಲ್ಲಿ ತೋರಿಸಬೇಕು.

ತುಂಗಾತೀರ: ಹಿಂದಿನ ತಿಂಗಳ ತಪ್ಪನ್ನು 4(ಬಿ)(2)ರಲ್ಲೇ ತಿದ್ದಬಹುದು ಅಂತ 2022ರ ಸುತ್ತೋಲೆಯಲ್ಲಿದೆ.

ಮಲೆನಾಡಿಗ: ಅಲ್ಲಿ ಹಾಕಿದರೆ ಪೋರ್ಟಲ್ ಅದನ್ನು ಮತ್ತೆ ಪಡೆಯಬಹುದಾದ ಬಾಕಿಯಲ್ಲಿ ತೋರಿಸುತ್ತಲೇ ಇರುತ್ತದೆ ಮೇಡಂ. ಮುಂದಿನ ವರ್ಷ ನನ್ನ ಜಾಗಕ್ಕೆ ಬಂದವನು ಬಾಕಿ ಇದೆ ಅಂತ ತೆಗೆದುಕೊಂಡರೆ? ನಾನಂತೂ (1)ರಲ್ಲೇ ಹಾಕುತ್ತೇನೆ.