ರೂಪಾಯಿ ಕುಸಿತ ಶೇ 4, ಶೇ 3.92, ಶೇ 3.77: ಯಾವುದು ಸರಿ?

ಪ್ರಶ್ನೆ (ಎಂ.ಕಾಂ. ವಿದ್ಯಾರ್ಥಿನಿ, ಧಾರವಾಡ): ಲೆಕ್ಕದಲ್ಲಿ ಹೀಗೆ ಕೊಟ್ಟಿದ್ದಾರೆ: ಒಂದು ಡಾಲರಿಗೆ 80 ರೂಪಾಯಿ. ಭಾರತದಲ್ಲಿ ಹಣದುಬ್ಬರ ಶೇ 6, ಅಮೆರಿಕದಲ್ಲಿ ಶೇ 2. ಒಂದೇ ಸರಕಿನ ಬೆಲೆ ಎರಡೂ ದೇಶದಲ್ಲಿ ಸರಿಸಮ ಇರುವ ಹಾಗೆ ವಿನಿಮಯ ದರ ಬದಲಾಗುತ್ತದೆ ಅನ್ನುವ ಪಿಪಿಪಿ ಸಿದ್ಧಾಂತದ ಪ್ರಕಾರ ವರ್ಷದಲ್ಲಿ ರೂಪಾಯಿ ಎಷ್ಟು ಕುಸಿಯುತ್ತದೆ? ನನಗೆ 3.92 ಬಂತು, ಗೆಳತಿಗೆ 3.77, ಗೈಡಿನಲ್ಲಿ 4 ಅಂತ ಇದೆ. ಯಾವುದನ್ನು ಬರೆಯಲಿ?

ಟ್ಯೂಷನ್ ಮೇಷ್ಟ್ರು, ಗದಗ: ಆರರಲ್ಲಿ ಎರಡು ಕಳೆಯಮ್ಮ, ನಾಲ್ಕು. ಪರೀಕ್ಷೆಯಲ್ಲಿ ಇಷ್ಟು ಸಾಕು. ನಾನು ಎಲ್ಲರಿಗೂ ಹೀಗೇ ಹೇಳಿಕೊಡುತ್ತೇನೆ.

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರು, ಹುಬ್ಬಳ್ಳಿ: ಮೇಷ್ಟ್ರೇ, ಅದು ಅಂದಾಜು. ಹಣದುಬ್ಬರ ಸಣ್ಣದಿದ್ದಾಗ ಹತ್ತಿರ ಬರುತ್ತದೆ, ಅಷ್ಟೇ.

ತಂಗಿ, ಸೂತ್ರ ಪಕ್ಕಕ್ಕಿಡು. ಒಂದೇ ಸರಕು ಇಲ್ಲಿ 80 ರೂಪಾಯಿ, ಅಲ್ಲಿ 1 ಡಾಲರ್ ಅಂದುಕೋ. ವರ್ಷ ಕಳೆದ ಮೇಲೆ ಇಲ್ಲಿ ಅದರ ಬೆಲೆ 84.80 ರೂಪಾಯಿ, ಅಲ್ಲಿ 1.02 ಡಾಲರ್. ಎರಡೂ ಕಡೆ ಬೆಲೆ ಸರಿಸಮ ಆಗಬೇಕಾದರೆ ಡಾಲರಿಗೆ ಎಷ್ಟು ರೂಪಾಯಿ ಇರಬೇಕು? ಭಾಗಿಸಿದರೆ ಸಿಗುತ್ತದೆ:

```
84.80 ÷ 1.02 = 83.14
```

ದರ ಇದೇ. ಇದರಲ್ಲಿ ನಿಮ್ಮಿಬ್ಬರಿಗೂ ಜಗಳ ಇರಲಿಕ್ಕಿಲ್ಲ. ಜಗಳ ಇರುವುದು ಶೇಕಡಾ ಯಾವುದರ ಮೇಲೆ ಅನ್ನುವುದರಲ್ಲಿ. ಡಾಲರ್ 80ರಿಂದ 83.14ಕ್ಕೆ ಏರಿತು, ಅಂದರೆ ಡಾಲರ್ ಶೇ 3.92 ದುಬಾರಿ ಆಯಿತು. ನಿನ್ನ ಉತ್ತರ ಅದು. ಈಗ ರೂಪಾಯಿ ಕಡೆಯಿಂದ ನೋಡು. ಸಾವಿರ ರೂಪಾಯಿಗೆ ಮೊದಲು 12.50 ಡಾಲರ್ ಬರುತ್ತಿತ್ತು, ಈಗ 12.03 ಮಾತ್ರ. ಕಡಿಮೆಯಾದದ್ದು ಶೇ 3.77. ಗೆಳತಿಯ ಉತ್ತರ ಇದು. ‘ರೂಪಾಯಿ ಎಷ್ಟು ಕುಸಿಯಿತು’ ಅಂತ ಕೇಳಿದ್ದಾರೆ, ಹಾಗಾಗಿ ನನ್ನ ಪ್ರಕಾರ ಗೆಳತಿಯದ್ದೇ ಸರಿ. ಆದರೆ ಎಷ್ಟೋ ಪುಸ್ತಕಗಳು 3.92ನ್ನೇ ಕುಸಿತ ಅಂತ ಬರೆಯುತ್ತವೆ. ಅದಕ್ಕೆ ಮೊದಲು 83.14 ಬರೆ. ಆಮೇಲೆ ‘ಡಾಲರ್ ಏರಿಕೆ’, ‘ರೂಪಾಯಿ ಇಳಿಕೆ’ ಅಂತ ಹೆಸರು ಹಾಕಿ ಎರಡನ್ನೂ ಬರೆ.

ಮೇಷ್ಟ್ರು, ಗದಗ: 3.92 ಆದರೇನು, 4 ಆದರೇನು? ಇಷ್ಟು ಸಣ್ಣ ವ್ಯತ್ಯಾಸಕ್ಕೆ ಹುಡುಗರ ತಲೆ ಯಾಕೆ ಕೆಡಿಸಬೇಕು?

ವಿನಿಮಯ ವಿಭಾಗದವರು, ಹುಬ್ಬಳ್ಳಿ: ಈ ಲೆಕ್ಕದಲ್ಲಿ ಸಣ್ಣದು, ಒಪ್ಪುತ್ತೇನೆ. ಒಂದು ದೇಶದಲ್ಲಿ ಹಣದುಬ್ಬರ ಶೇ 60, ಇನ್ನೊಂದರಲ್ಲಿ ಶೇ 10 ಅಂತ ಕೊಟ್ಟರೆ? ಕಳೆದರೆ 50. ಸರಿಯಾಗಿ ಭಾಗಿಸಿದರೆ, 1.60 ÷ 1.10, ಹೊರಗಿನ ಹಣ ದುಬಾರಿ ಆಗುವುದು ಶೇ 45.45. ಒಳಗಿನ ಹಣ ಕುಸಿಯುವುದು ಶೇ 31.25 ಮಾತ್ರ. ಅಲ್ಲಿ ‘ಅರ್ಧ ಬೆಲೆ ಹೋಯಿತು’ ಅಂತ ಬರೆದರೆ ಪೂರ್ತಿ ತಪ್ಪು, ಅಲ್ವಾ?

ವಿದ್ಯಾರ್ಥಿನಿ: ಮೇಡಂ, ಮೂರು ವರ್ಷಕ್ಕೆ ಕೇಳಿದರೆ? ಮತ್ತೆ ಭಾಗಿಸುವಾಗ 1.06 ಮೇಲೋ ಕೆಳಗೋ ಅಂತ ಪ್ರತಿ ಸಲ ಗೊಂದಲ ಆಗುತ್ತದೆ.

ವಿನಿಮಯ ವಿಭಾಗದವರು, ಹುಬ್ಬಳ್ಳಿ: ಮೂರು ವರ್ಷಕ್ಕೆ ಶೇಕಡಾವನ್ನು ಮೂರರಿಂದ ಗುಣಿಸಬೇಡ. ಅನುಪಾತವನ್ನೇ ಮೂರು ಸಲ ಗುಣಿಸು:

```
80 × (1.06 ÷ 1.02)^3 = 89.79
```

ಮೇಲೆ ಕೆಳಗೆ ಗೊಂದಲಕ್ಕೆ: ದರವನ್ನು ಯಾವ ಹಣದಲ್ಲಿ ಹೇಳಿದ್ದಾರೋ ಆ ದೇಶದ ಹಣದುಬ್ಬರ ಮೇಲೆ. ಇಲ್ಲಿ ದರ ರೂಪಾಯಿಯಲ್ಲಿದೆ, ಹಾಗಾಗಿ ಭಾರತ ಮೇಲೆ. ಒಂದು ವರ್ಷದ ಲೆಕ್ಕದಲ್ಲಿ ತಿರುವುಮುರುವಾದರೆ 76.98 ಬರುತ್ತದೆ. ಬೆಲೆ ಜಾಸ್ತಿ ಏರಿದ ದೇಶದ ಹಣ ಗಟ್ಟಿಯಾದ ಹಾಗೆ ಕಂಡರೆ ಅಲ್ಲೇ ನಿಂತು ಮತ್ತೊಮ್ಮೆ ನೋಡು.

ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ: ಅಕ್ಕಾರೆ, ನಾನು ಹೊರದೇಶಕ್ಕೆ ಒಣಮೆಣಸಿನಕಾಯಿ ಕಳಿಸುತ್ತೇನೆ. ಮೂರು ತಿಂಗಳಿಗೆ ಡಾಲರ್ ಬರುತ್ತದೆ. ಈ ಲೆಕ್ಕದ ಪ್ರಕಾರ ಡಾಲರ್ ಏರುತ್ತದಲ್ಲ, ಬಂದ ಮೇಲೂ ಖಾತೆಯಲ್ಲೇ ಇಟ್ಟುಕೊಂಡು ಕಾಯಲಾ?

ವಿನಿಮಯ ವಿಭಾಗದವರು, ಹುಬ್ಬಳ್ಳಿ: ಇದನ್ನು ನಂಬಿ ಕಾಯಬೇಡಿ ಅಣ್ಣಾರೆ. 2022 ನೆನಪಿಸಿಕೊಳ್ಳಿ. ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1, ನಮ್ಮದು ಸುಮಾರು ಶೇ 7. ಈ ಲೆಕ್ಕದ ಪ್ರಕಾರ ರೂಪಾಯಿ ಗಟ್ಟಿಯಾಗಬೇಕಿತ್ತು. ಆದರೆ ವರ್ಷದ ಶುರುವಿನಲ್ಲಿ 74ರ ಆಸುಪಾಸು ಇದ್ದ ಡಾಲರ್ ಕೊನೆಗೆ 83ರ ಹತ್ತಿರ ಹೋಯಿತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಮಾರ್ಚ್‌ನಿಂದ ಬಡ್ಡಿ ಏರಿಸುತ್ತಾ ಹೋಯಿತು, ದುಡ್ಡು ಆ ಕಡೆ ಹರಿಯಿತು. ಕಚ್ಚಾ ತೈಲವೂ ದುಬಾರಿ ಇತ್ತು. ಮೂರು ತಿಂಗಳ ಆಟದಲ್ಲಿ ಬಡ್ಡಿ, ಬಂಡವಾಳ, ತೈಲ ಇವುಗಳದ್ದೇ ಜೋರು. ಸರಕಿನ ಬೆಲೆ ದರವನ್ನು ಎಳೆಯುವುದು ನಿಧಾನ, ವರ್ಷಗಟ್ಟಲೆ. ಮನೆ ಬಾಡಿಗೆ, ಕ್ಷೌರದಂಥ ಗಡಿ ದಾಟದ ಖರ್ಚುಗಳೂ ಹಣದುಬ್ಬರದ ಲೆಕ್ಕದಲ್ಲಿ ಸೇರಿರುತ್ತವೆ, ಅವು ಡಾಲರನ್ನು ನೇರವಾಗಿ ಮುಟ್ಟುವುದೇ ಇಲ್ಲ.

ನಿಮಗೆ ಬೇಕಾದದ್ದು ಫಾರ್ವರ್ಡ್ ದರ. ಮೂರು ತಿಂಗಳ ಮುಂದಿನ ದರವನ್ನು ಇವತ್ತೇ ಕಟ್ಟಿಕೊಡುತ್ತಾರೆ, ಅದು ಎರಡು ದೇಶಗಳ ಬಡ್ಡಿ ವ್ಯತ್ಯಾಸದ ಮೇಲೆ ನಿಂತಿರುತ್ತದೆ. ನಿಮ್ಮ ಬ್ಯಾಂಕಿನಲ್ಲಿ ಕೇಳಿ.

ವ್ಯಾಪಾರಿ, ಬ್ಯಾಡಗಿ: ಕಟ್ಟಿಸಿದ ಮೇಲೆ ಡಾಲರ್ ಇನ್ನೂ ಏರಿದರೆ ಆ ಲಾಭ ಹೋಯಿತಲ್ಲ?

ವಿನಿಮಯ ವಿಭಾಗದವರು, ಹುಬ್ಬಳ್ಳಿ: ಹೋಗುತ್ತದೆ. ಕೆಲವರು ಅರ್ಧಕ್ಕೆ ಮಾತ್ರ ಕಟ್ಟಿಸುತ್ತಾರೆ. ಎಷ್ಟಕ್ಕೆ ಅನ್ನುವುದನ್ನು ನಿಮ್ಮ ಮಾರ್ಜಿನ್ ನೋಡಿ ನೀವೇ ಹೇಳಬೇಕು.

ಮೇಷ್ಟ್ರು, ಗದಗ: ಪ್ರಶ್ನೆಯಲ್ಲಿ ‘ಅಂದಾಜು’ ಅಂತ ಇದ್ದರೆ ನಾನು ಈಗಲೂ ನಾಲ್ಕೇ ಬರೆಸುತ್ತೇನೆ ಮೇಡಂ. ಇಲ್ಲದಿದ್ದರೆ ಭಾಗಿಸಲು ಹೇಳುತ್ತೇನೆ.