ಉಡುಪಿಯಲ್ಲಿ ಎರಡು ದಿನದ ಬಾಡಿಗೆ ಕಾರು: ಓಡುವುದು 300, ಬಿಲ್ಲು 600 ಕಿ.ಮೀ.ಗೆ?

ಹುಬ್ಬಳ್ಳಿಯಿಂದ ಕೇಳಿದವರು: ನಾವು ನಾಲ್ಕು ಮಂದಿ ಉಡುಪಿಗೆ ಬರೋರಿದ್ದೀವಿ. ಮೊದಲ ದಿನ ಕೊಲ್ಲೂರು, ಮುರುಡೇಶ್ವರ ಮುಗಿಸಿ ರಾತ್ರಿ ಉಡುಪಿಗೆ ವಾಪಸ್. ಮರುದಿನ ಮಠ, ಮಲ್ಪೆ, ಕಾಪು. ಕಾರಿನವರು ಕಿ.ಮೀ.ಗೆ 14 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ., ಬಾಟಾ 400 ಅಂದ್ರು. ಓಡೋದೇ ಒಟ್ಟು 300, ಬಿಲ್ಲು 600ಕ್ಕೆ! ಇದು ಸರೀನಾ? ಸೆಲ್ಫ್ ಡ್ರೈವ್ ಚಲೋನಾ?

ಉಡುಪಿಯ ಟ್ಯಾಕ್ಸಿ ಮಾಲೀಕರು: ಅವರು ಮೋಸ ಮಾಡ್ತಿಲ್ಲ ಮಾರಾಯ್ರೇ. ಔಟ್‌ಸ್ಟೇಷನ್ ಬಾಡಿಗೆ ಅಂದ್ರೆ ಹೀಗೇ. ಗಾಡಿ ಇಡೀ ದಿನ ನಿಮ್ಮ ಹತ್ರ ಇರುವಾಗ ನಮಗೆ ಬೇರೆ ಬಾಡಿಗೆ ಸಿಗುವುದಿಲ್ಲ, ಅದಕ್ಕೇ ಕನಿಷ್ಠ ಕಿ.ಮೀ. ಇಡುವುದು. ಆದರೆ ನಿಮ್ಮ ಎರಡನೇ ದಿನ ಔಟ್‌ಸ್ಟೇಷನ್ನೇ ಅಲ್ಲವಲ್ಲ. ಮಠ, ಮಲ್ಪೆ, ಕಾಪು ಎಲ್ಲ ಸೇರಿ 50–60 ಕಿ.ಮೀ. ದಾಟಲಿಕ್ಕಿಲ್ಲ. ಅದಕ್ಕೆ 8 ಗಂಟೆ, 80 ಕಿ.ಮೀ.ಯ ಲೋಕಲ್ ಪ್ಯಾಕೇಜ್ ಕೇಳಿ.

ಲೆಕ್ಕ ನೋಡಿ. ಅವರು ಹೇಳಿದ ಹಾಗೆ ಹೋದರೆ 600 ಕಿ.ಮೀ.ಗೆ 8,400, ಎರಡು ದಿನದ ಬಾಟಾ 800, ಒಟ್ಟು 9,200. ಬೇರೆ ಬೇರೆ ಮಾಡಿದರೆ ಮೊದಲ ದಿನಕ್ಕೆ 4,200 ಮತ್ತು ಬಾಟಾ 400. ಎರಡನೇ ದಿನದ ಪ್ಯಾಕೇಜ್ 2,200 ಅಂತ ಇಟ್ಟುಕೊಂಡರೂ 6,800ಕ್ಕೆ ಮುಗಿಯಿತು. ಡೀಸೆಲ್ ಆ 14 ರೂಪಾಯಿಯಲ್ಲೇ ಬಂತು, ದಾರಿಯಲ್ಲಿ ಬಂಕಿನ ಹತ್ರ ನಿಲ್ಲಿಸಿ ಬೇರೆ ಕೇಳಿದರೆ ಕೊಡಬೇಡಿ. ಸಾಸ್ತಾನ, ಶಿರೂರು ಟೋಲ್ ಮತ್ತು ಪಾರ್ಕಿಂಗ್ ಮಾತ್ರ ನಿಮ್ಮದು.

ಇನ್ನೊಂದು ವಿಷಯ, ಮೀಟರ್ ಎಲ್ಲಿಂದ ಶುರು ಅಂತ ಕೇಳಿಕೊಳ್ಳಿ. ಹೆಚ್ಚಿನವರದ್ದು ಶೆಡ್ಡಿನಿಂದ ಶೆಡ್ಡಿಗೆ. ಗಾಡಿ ಮಂಗಳೂರಿನಿಂದ ಬಂದರೆ ಬರಲಿಕ್ಕೆ 55, ಹೋಗಲಿಕ್ಕೆ 55, ನೀವು ಕೂತುಕೊಳ್ಳದ ಕಿ.ಮೀ.ಗೂ ನೀವೇ ಕೊಡಬೇಕು. ಉಡುಪಿ, ಮಣಿಪಾಲದ ಗಾಡಿಯನ್ನೇ ಹಿಡಿಯಿರಿ. ದಿನದ ಲೆಕ್ಕ ರಾತ್ರಿ 12ಕ್ಕೆ ಮುಗಿಯುತ್ತದೆ. ಮುರುಡೇಶ್ವರದಲ್ಲಿ ತಡ ಮಾಡಿ 12:30ಕ್ಕೆ ಉಡುಪಿ ಮುಟ್ಟಿದರೆ ಇನ್ನೊಂದು ದಿನ ಬಿತ್ತು ಅಂತಲೇ.

ಮಂಗಳೂರಿನ ಹಿರಿಯರೊಬ್ಬರು: ಕಾರು ಯಾಕೆ? ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ ಬೇಕಾದಷ್ಟುಂಟು.

ಕೇಳಿದವರು: ಅಣ್ಣಾ, ನಾವು ಮಂಗಳೂರಿಗೆ ಬರಂಗಿಲ್ಲ!

ಮಣಿಪಾಲದ ವಿದ್ಯಾರ್ಥಿ: ಸೆಲ್ಫ್ ಡ್ರೈವ್ ತಗೊಳ್ಳಿ, ಬಾಟಾನೂ ಇಲ್ಲ. ಫುಲ್ ಇನ್ಶೂರೆನ್ಸ್ ಇರುತ್ತೆ, ಗೀರು ಬಿದ್ರೂ ತಲೆಬಿಸಿ ಇಲ್ಲ.

ಬೆಂಗಳೂರಿನಿಂದ ಬಂದು ಹೋದವರು: ನಾನೂ ಹಾಗೇ ಅಂದುಕೊಂಡಿದ್ದೆ. ಇನ್ಶೂರೆನ್ಸ್ ಇತ್ತು, ಆದರೆ ಒಂದು ಮೊತ್ತದವರೆಗಿನ ಹಾನಿ ಬಾಡಿಗೆಗೆ ತಗೊಂಡವನದ್ದೇ ಅಂತ ಕರಾರಿನಲ್ಲಿ ಬರೆದಿತ್ತು. ಟೈರು, ರಿಮ್ಮು, ಗಾಡಿಯ ಅಡಿಭಾಗ, ಕ್ಲಚ್ಚು ಅದರೊಳಗೇ ಬರಲಿಲ್ಲ. ಕೋಡಿಬೆಂಗ್ರೆ ಕಡೆ ಮರಳಿಗೆ ಇಳಿಸಿದೆ, ಚಕ್ರ ಹೂತು ಹೋಯಿತು. ಹೊರಗೆ ತೆಗೆಯುವ ಹೊತ್ತಿಗೆ ಕ್ಲಚ್ ಸುಟ್ಟ ವಾಸನೆ. ಡೆಪಾಸಿಟ್‌ನಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ತಪ್ಪು ನನ್ನದೇ, ಆ ಮಾತು ಬೇರೆ.

ಬಂಪರ್ ಗೀರಿನದ್ದು ಮಾತ್ರ ನನ್ನದಲ್ಲ, ಮೊದಲೇ ಇತ್ತು. ಗಾಡಿ ತಗೊಂಡಾಗ ಫೋಟೋ ತೆಗೆದಿರಲಿಲ್ಲ, ಹಾಗಾಗಿ ವಾದ ನಿಲ್ಲಲಿಲ್ಲ. ನೀವು ಹಗಲಲ್ಲೇ ಗಾಡಿ ತಗೊಳ್ಳಿ. ಸುತ್ತ ಒಂದು ವಿಡಿಯೋ ಮಾಡಿ, ಕಿ.ಮೀ. ಮತ್ತು ಪೆಟ್ರೋಲ್ ಕಡ್ಡಿ ಎರಡೂ ಕಾಣುವಂತೆ ಡ್ಯಾಶ್‌ಬೋರ್ಡಿನದ್ದೂ ಒಂದು ಫೋಟೋ, ಅಲ್ಲೇ ನಿಂತು ಅವರಿಗೆ ಕಳಿಸಿ. ಎಷ್ಟು ಕಡ್ಡಿಗೆ ಕೊಟ್ಟರೋ ಅಷ್ಟೇ ತುಂಬಿಸಿ ವಾಪಸ್ ಕೊಟ್ಟರಾಯಿತು. ಹೆಚ್ಚು ಹಾಕಿದ್ದಕ್ಕೆ ನನಗಂತೂ ದುಡ್ಡು ಸಿಗಲಿಲ್ಲ.

ಟ್ಯಾಕ್ಸಿ ಮಾಲೀಕರು: ಸೆಲ್ಫ್ ಡ್ರೈವಿಗೂ ದಿನದ ಕಿ.ಮೀ. ಮಿತಿ ಇರ್ತದೆ, ಅಲ್ಲಿ ಕನಿಷ್ಠ ಅಲ್ಲ, ಗರಿಷ್ಠ. ದಾಟಿದರೆ ಕಿ.ಮೀ. ಲೆಕ್ಕದಲ್ಲಿ ಹೆಚ್ಚುವರಿ. ನಂಬರ್ ಪ್ಲೇಟೂ ನೋಡಿ: ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರ ಇರಬೇಕು. ವೈಟ್ ಬೋರ್ಡ್ ಗಾಡಿ ಕಡಿಮೆಗೆ ಸಿಕ್ಕಿತು ಅಂತ ತಗೊಂಡು ಆ್ಯಕ್ಸಿಡೆಂಟ್ ಆದರೆ, ಬಾಡಿಗೆಗೆ ಓಡಿಸಿದ್ದು ಅಂತ ಇನ್ಶೂರೆನ್ಸ್ ಕೈ ಎತ್ತಬಹುದು.

ಕುಂದಾಪುರದ ಗೃಹಿಣಿ: ಬಾಟಾ ಕೊಟ್ಟ ಮೇಲೂ ನಾವು ಡ್ರೈವರಿಗೆ ಊಟ ಕೊಡಿಸ್ತೇವೆ. ರಾತ್ರಿ ಹೊರಗೆ ಉಳಿದರೆ ರೂಮೂ ನಾವೇ ಮಾಡಿಕೊಡುವುದು.

ಟ್ಯಾಕ್ಸಿ ಮಾಲೀಕರು: ಊಟ ಬಾಟಾದೊಳಗೇ ಅಕ್ಕಾ. ರಾತ್ರಿ 10ರ ಮೇಲೆ ಓಡಿಸಿದರೆ ನಾನು ಇನ್ನೊಂದು ಬಾಟಾ ತಗೊಳ್ತೇನೆ, ರೂಮ್ ಕೇಳುವುದಿಲ್ಲ.

ಗೃಹಿಣಿ: ಮತ್ತೆ ಸೆಕೆಯಲ್ಲಿ ಕಾರಿನೊಳಗೆ ಮಲಗಿ, ಬೆಳಿಗ್ಗೆ ತೂಕಡಿಸ್ತಾ ಓಡಿಸುವುದಾ?

ಟ್ಯಾಕ್ಸಿ ಮಾಲೀಕರು: ಮೂವತ್ತು ವರ್ಷದಿಂದ ಹಾಗೇ ಮಲಗಿದವ ನಾನು.

ಕೇಳಿದವರು: ಕಾರಿನವರಿಗೆ ಫೋನ್ ಮಾಡಿದ್ದೆ. ಎರಡನೇ ದಿನ ಲೋಕಲ್ ಪ್ಯಾಕೇಜಿಗೆ ಒಪ್ಪಿದ್ರು. ಆದ್ರ ಬೆಳಿಗ್ಗೆ 9ಕ್ಕೆ ಶುರು ಮಾಡಿದ್ರ 5ಕ್ಕೇ ಎಂಟು ತಾಸು ಮುಗೀತದ, ನಮಗ ಮಲ್ಪೆಯೊಳಗ ಸೂರ್ಯ ಮುಳುಗೋದು ನೋಡಬೇಕು.

ಟ್ಯಾಕ್ಸಿ ಮಾಲೀಕರು: ಮಠಕ್ಕೆ ಬೆಳಿಗ್ಗೆ ರಿಕ್ಷಾದಲ್ಲಿ ಹೋಗಿ, ಅಲ್ಲೇ ಊಟ ಮುಗಿಸಿ. ಕಾರಿಗೆ 12 ಗಂಟೆಗೆ ಬರ್ಲಿಕ್ಕೆ ಹೇಳಿ. ಮೊದಲು ಕಾಪು, ಸಂಜೆಗೆ ಮಲ್ಪೆ.